xⁿ ಮುಂದೆ ಆ n ಎಲ್ಲಿಂದ ಬರುತ್ತದೆ?

ಅವಕಲನ ಕಲಿಯಲು ಕುಳಿತ ಮೊದಲ ಕೆಲವು ದಿನಗಳಲ್ಲೇ ಒಂದು ಸೂತ್ರ ನಿಮ್ಮ ಕೈಗೆ ಬರುತ್ತದೆ: xⁿ ನ ಡೆರಿವೇಟಿವ್ nxⁿ⁻¹. ಮೇಲಿರುವ ಘಾತಾಂಕವನ್ನು ಕೆಳಗಿಳಿಸಿ ಮುಂದೆ ಬರೆಯಬೇಕು, ಮೇಲೆ ಒಂದು ಕಡಿಮೆ ಮಾಡಬೇಕು, ಅಷ್ಟೇ. x⁵ ಕೊಟ್ಟರೆ 5x⁴, x¹² ಕೊಟ್ಟರೆ 12x¹¹. ಬಳಸಲು ಇಷ್ಟು ಸುಲಭವಾದ ಸೂತ್ರ ಏಕೆ ನಿಜ ಎಂದು ಕೇಳುವುದು ಮರೆತೇ ಹೋಗುತ್ತದೆ. ಇವತ್ತು ಎರಡೇ ಪ್ರಶ್ನೆ ಇಟ್ಟುಕೊಳ್ಳೋಣ. ಮುಂದೆ ಬಂದು ನಿಲ್ಲುವ ಆ n ಎಲ್ಲಿಂದ ಬಂತು? ಮೇಲೆ ಒಂದು ಏಕೆ ಕಡಿಮೆಯಾಯಿತು? ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. (x + h)ⁿ ಅನ್ನು ಬಿಡಿಸಿ ಬರೆದಾಗ ಸಿಗುವ ಎರಡನೆಯ ಪದದಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ n ಎಂದರೆ 1, 2, 3 ಹೀಗೆ ಧನ ಪೂರ್ಣಾಂಕ ಮಾತ್ರ. ಅರ್ಧ, ಋಣ ಸಂಖ್ಯೆ ಇವುಗಳಿಗೂ ಸೂತ್ರ ನಡೆಯುತ್ತದೆ ಎಂದು ನೀವು ಕೇಳಿರಬಹುದು, ಅದು ನಿಜ. ಆದರೆ ಇವತ್ತಿನ ಸಾಧನೆ ಅಲ್ಲಿಗೆ ತಲುಪುವುದಿಲ್ಲ. ಏಕೆ ತಲುಪುವುದಿಲ್ಲ ಎಂಬುದನ್ನು ಕೊನೆಯಲ್ಲಿ ನೋಡೋಣ.

ಡೆರಿವೇಟಿವ್‌ನ ವ್ಯಾಖ್ಯೆಯಿಂದಲೇ ಹೊರಡೋಣ.

```
f'(x) = lim (h→0)  [ f(x+h) − f(x) ] / h
```

ಇದನ್ನು ಮಾತಿನಲ್ಲಿ ಓದಿಕೊಳ್ಳಿ. x ನಲ್ಲಿ ಫಲನದ ಬೆಲೆ ಒಂದಿದೆ. x ನಿಂದ h ನಷ್ಟು ಸರಿದರೆ ಬೆಲೆ ಬದಲಾಗುತ್ತದೆ. ಆ ಬದಲಾವಣೆಯನ್ನು, ಸರಿದ ದೂರವಾದ h ನಿಂದ ಭಾಗಿಸಿದ್ದೇವೆ. ಆಮೇಲೆ h ಅನ್ನು ಸೊನ್ನೆಯ ಹತ್ತಿರ ಹತ್ತಿರಕ್ಕೆ ತಂದಾಗ ಆ ಭಾಗಲಬ್ಧ ಯಾವ ಸಂಖ್ಯೆಯ ಕಡೆಗೆ ಹೋಗುತ್ತದೆ ಎಂದು ಕೇಳುತ್ತಿದ್ದೇವೆ. ಈ ಕೆಲಸ ಪೂರ್ತಿ ಮುಗಿಯುವವರೆಗೆ x ಅಲುಗಾಡುವುದಿಲ್ಲ, ಅದು ನಾವು ನಿಂತಿರುವ ಜಾಗ. ಚಲಿಸುವುದು h ಮಾತ್ರ. h ಧನವೂ ಆಗಬಹುದು, ಋಣವೂ ಆಗಬಹುದು, ಸೊನ್ನೆ ಮಾತ್ರ ಆಗುವಂತಿಲ್ಲ. ಮೊದಲ ಸಲ ಕಲಿಯುವವರು x ಮತ್ತು h ಎರಡನ್ನೂ ಒಟ್ಟಿಗೆ ಓಡಾಡುವ ಅಕ್ಷರಗಳೆಂದು ನೋಡಿ ಗೊಂದಲಕ್ಕೆ ಬೀಳುತ್ತಾರೆ. ಹಾಗಾಗಿ ಮೊದಲು x ಜಾಗದಲ್ಲಿ ಒಂದು ಸಂಖ್ಯೆಯನ್ನೇ ಇಟ್ಟು ನೋಡೋಣ.

f(x) = x³, x = 2 ಇರಲಿ. 2 ರ ಘನ 8. ಈಗ h = 0.1 ತೆಗೆದುಕೊಳ್ಳಿ. 2.1 ರ ಘನ 9.261. ಬದಲಾವಣೆ 1.261. ಅದನ್ನು 0.1 ರಿಂದ ಭಾಗಿಸಿದರೆ 12.61. h = 0.01 ಆದರೆ 2.01 ರ ಘನ 8.120601, ಬದಲಾವಣೆ 0.120601, ಭಾಗಲಬ್ಧ 12.0601. h = 0.001 ಆದರೆ 12.006001. ಹಿಂದಕ್ಕೂ ಒಂದು ಹೆಜ್ಜೆ ಇಟ್ಟು ನೋಡಿ: h = −0.1 ಆದರೆ 1.9 ರ ಘನ 6.859, ಬದಲಾವಣೆ −1.141, ಭಾಗಲಬ್ಧ 11.41. ಎರಡೂ ಕಡೆಯಿಂದ 12 ರ ಕಡೆಗೇ ಹೋಗುತ್ತಿದೆ. ಸೂತ್ರವೂ 3·2² = 12 ಎನ್ನುತ್ತದೆ.

ಇದು ಸಾಧನೆ ಅಲ್ಲ. ನಾಲ್ಕು ಸಂಖ್ಯೆ ಹಾಕಿ ನೋಡಿದ್ದೇವೆ ಅಷ್ಟೇ. ಆದರೂ ಆ ದಶಾಂಶಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. 12.61, 12.0601, 12.006001. 12 ನ್ನು ಬಿಟ್ಟರೆ ಉಳಿದದ್ದರಲ್ಲಿ ಒಂದು 6 ಇದೆ, ಒಂದು 1 ಇದೆ. h ಹತ್ತು ಪಟ್ಟು ಚಿಕ್ಕದಾದಾಗ ಆ 6 ಒಂದು ಸ್ಥಾನ ಬಲಕ್ಕೆ ಸರಿಯುತ್ತದೆ, 1 ಎರಡು ಸ್ಥಾನ ಸರಿಯುತ್ತದೆ. ಎಂದರೆ ಭಾಗಲಬ್ಧ 12 + 6h + h² ಎಂಬ ಆಕಾರದಲ್ಲಿ ಇರುವಂತೆ ಕಾಣುತ್ತದೆ. ಈ 12, 6, 1 ಎಲ್ಲಿಂದ ಬಂದವು ಎಂದು ಗೊತ್ತಾದರೆ ಸಾಧನೆಯೇ ಸಿಕ್ಕಿತು.

ಒಂದು ಘನವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ಬಾಹು 2. ಒಂದು ಮೂಲೆಯನ್ನು ಹಾಗೇ ಹಿಡಿದುಕೊಂಡು ಪ್ರತಿ ಬಾಹುವನ್ನೂ 0.1 ರಷ್ಟು ಬೆಳೆಸಿ. ಹೊಸದಾಗಿ ಸೇರಿದ ಭಾಗ ಒಂದೇ ತುಂಡಲ್ಲ. ಮೊದಲಿಗೆ, ಮೂರು ಮುಖಗಳ ಮೇಲೆ ಮೂರು ಹಲಗೆಗಳು ಕೂರುತ್ತವೆ. ಒಂದೊಂದು ಹಲಗೆಯೂ 2 × 2 × 0.1, ಎಂದರೆ 0.4. ಮೂರಕ್ಕೆ 1.2. ಎರಡು ಹಲಗೆಗಳು ಸೇರುವ ಅಂಚಿನಲ್ಲಿ ಸಂದು ಉಳಿಯುತ್ತದೆ. ಅಂಥ ಮೂರು ಸಂದುಗಳನ್ನು ಮೂರು ತೆಳು ಕಡ್ಡಿಗಳು ತುಂಬುತ್ತವೆ. ಒಂದು ಕಡ್ಡಿ 2 × 0.1 × 0.1, ಎಂದರೆ 0.02. ಮೂರಕ್ಕೆ 0.06. ಕೊನೆಗೆ ಮೂಲೆಯಲ್ಲಿ ಒಂದು ಪುಟ್ಟ ಘನ, 0.1 ರ ಘನ, 0.001. ಕೂಡಿಸಿ: 1.2 + 0.06 + 0.001 = 1.261. ಮೇಲೆ ಬಂದ ಬದಲಾವಣೆಯೇ ಇದು.

ಈ ಮೂರು ಬಗೆಯ ತುಂಡುಗಳಿಗೆ ಒಂದು ವ್ಯತ್ಯಾಸವಿದೆ. ಹಲಗೆ ಒಂದೇ ದಿಕ್ಕಿನಲ್ಲಿ ತೆಳು, ಅದರ ಗಾತ್ರದಲ್ಲಿ h ಒಂದು ಸಲ ಬರುತ್ತದೆ. ಕಡ್ಡಿ ಎರಡು ದಿಕ್ಕಿನಲ್ಲಿ ತೆಳು, ಅದರಲ್ಲಿ h ಎರಡು ಸಲ. ಮೂಲೆಯ ಘನದಲ್ಲಿ ಮೂರು ಸಲ. ಈಗ ಎಲ್ಲವನ್ನೂ h ನಿಂದ ಭಾಗಿಸಿ. ಹಲಗೆಯಲ್ಲಿದ್ದ ಒಂದೇ ಒಂದು h ಹೊಡೆದುಹೋಗಿ ಅದರಲ್ಲಿ h ಉಳಿಯುವುದೇ ಇಲ್ಲ. ಕಡ್ಡಿಯಲ್ಲಿ ಇನ್ನೂ ಒಂದು h ಉಳಿದಿದೆ, ಮೂಲೆಯ ಘನದಲ್ಲಿ ಇನ್ನೂ ಎರಡು. h ಸೊನ್ನೆಯ ಕಡೆಗೆ ಹೋದಾಗ h ಉಳಿದಿರುವವು ಅದರ ಜೊತೆಗೇ ಸೊನ್ನೆಯತ್ತ ಹೋಗುತ್ತವೆ. ನಿಲ್ಲುವುದು ಹಲಗೆಗಳ ಮುಖ ಮಾತ್ರ, ಮೂರು ಮುಖ, ಒಂದೊಂದೂ x². ಅದೇ 3x².

"h ತುಂಬ ಚಿಕ್ಕದು, ಹಾಗಾಗಿ h² ನ ಪದಗಳನ್ನು ಬಿಟ್ಟುಬಿಡಬಹುದು" ಎಂದು ಹೇಳಿಕೊಡುವುದನ್ನು ನೀವು ಕೇಳಿರುತ್ತೀರಿ. ಆ ಮಾತನ್ನು ನಂಬಿಕೊಂಡರೆ ಮುಂದೆ ತೊಂದರೆಯಾಗುತ್ತದೆ. ಚಿಕ್ಕದು ಎಂಬುದೇ ಕಾರಣವಾದರೆ 3x²h ಕೂಡ ಚಿಕ್ಕದೇ, ಅದನ್ನೂ ಬಿಡಬೇಕಲ್ಲ? ಇಲ್ಲಿ ನಾವು ಯಾವ ಪದವನ್ನೂ ಬಿಡುತ್ತಿಲ್ಲ. ಎಲ್ಲವನ್ನೂ ಇಟ್ಟುಕೊಂಡೇ h ನಿಂದ ಭಾಗಿಸುತ್ತೇವೆ. ಭಾಗಿಸಿದ ಮೇಲೆ ಯಾವುದರಲ್ಲಿ h ಉಳಿಯಿತು, ಯಾವುದರಲ್ಲಿ ಉಳಿಯಲಿಲ್ಲ ಎಂಬುದೇ ತೀರ್ಮಾನ ಮಾಡುತ್ತದೆ. ಬರುವ 3x² ಅಂದಾಜಲ್ಲ, ನಿಖರ ಬೆಲೆ.

ಈಗ n ಎಷ್ಟಿದ್ದರೂ ನಡೆಯುವಂತೆ ಮಾಡೋಣ. ನಾಲ್ಕನೆಯ ಘಾತಕ್ಕೆ ಹೋದ ಕೂಡಲೇ ಘನದ ಚಿತ್ರ ಕೈಬಿಡುತ್ತದೆ, ಆದರೆ ಎಣಿಕೆ ಕೈಬಿಡುವುದಿಲ್ಲ. (x + h)ⁿ ಎಂದರೆ ಏನು? (x + h) ಎಂಬ ಆವರಣವನ್ನು n ಸಲ ಬರೆದು ಗುಣಿಸಿದ್ದು.

```
(x+h)(x+h)(x+h) ... (x+h)      ← n ಆವರಣಗಳು
```

ಇದನ್ನು ಗುಣಿಸುವುದು ಎಂದರೆ ಪ್ರತಿ ಆವರಣದಿಂದಲೂ x ಅಥವಾ h, ಎರಡರಲ್ಲಿ ಒಂದನ್ನು ಆರಿಸಿ, ಆರಿಸಿದ್ದೆಲ್ಲವನ್ನೂ ಗುಣಿಸಿ, ಇಂಥ ಎಲ್ಲ ಆಯ್ಕೆಗಳನ್ನೂ ಕೂಡಿಸುವುದು. ಎಲ್ಲ ಆವರಣದಿಂದಲೂ x ನ್ನೇ ಆರಿಸಿದರೆ xⁿ. ಹಾಗೆ ಮಾಡಲು ಒಂದೇ ದಾರಿ. ಒಂದೇ ಒಂದು ಆವರಣದಿಂದ h, ಉಳಿದ n − 1 ಆವರಣಗಳಿಂದ x ಆರಿಸಿದರೆ xⁿ⁻¹h. ಇದಕ್ಕೆ ಎಷ್ಟು ದಾರಿ? ಆ h ಮೊದಲನೆಯ ಆವರಣದಿಂದ ಬಂದಿರಬಹುದು, ಎರಡನೆಯದರಿಂದ, ಮೂರನೆಯದರಿಂದ, ಹೀಗೆ n ನೆಯದರಿಂದ. ಒಟ್ಟು n ದಾರಿ. ಹಾಗಾಗಿ xⁿ⁻¹h ಎಂಬ ಪದ n ಸಲ ಬರುತ್ತದೆ, ಕೂಡಿದರೆ nxⁿ⁻¹h.

ನಮ್ಮ ಎರಡು ಪ್ರಶ್ನೆಗಳಿಗೂ ಇಲ್ಲೇ ಉತ್ತರ ಸಿಕ್ಕಿಬಿಟ್ಟಿತು. ಮುಂದಿರುವ n, h ಅನ್ನು ಯಾವ ಆವರಣದಿಂದ ತೆಗೆಯಬೇಕು ಎಂಬ ಆಯ್ಕೆಗಳ ಎಣಿಕೆ. ಮೇಲೆ ಒಂದು ಕಡಿಮೆಯಾದದ್ದು, ಒಂದು ಆವರಣ ತನ್ನ x ಬದಲು h ಕೊಟ್ಟಿದ್ದರಿಂದ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಕನ್ನಡ ಪಾಠದಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿದ್ದು ನೆನಪಿದೆಯೇ? ಐದು ಅಕ್ಷರಗಳ ಸಾಲೊಂದರಲ್ಲಿ ಒಂದೊಂದು ಅಕ್ಷರವೂ ಲಘು ಅಥವಾ ಗುರು. ಸರಿಯಾಗಿ ಒಂದೇ ಲಘು ಇರುವ ಸಾಲುಗಳು ಎಷ್ಟು? ಆ ಲಘು ಐದು ಸ್ಥಾನಗಳಲ್ಲಿ ಎಲ್ಲಾದರೂ ಕೂರಬಹುದು, ಹಾಗಾಗಿ 5. ಎರಡು ಲಘು ಇರುವ ಸಾಲುಗಳು 10. ಲಘುವಿನ ಬದಲು h, ಗುರುವಿನ ಬದಲು x ಎಂದು ಓದಿಕೊಂಡರೆ ಇದು (x + h)⁵ ನ ವಿಸ್ತರಣೆಯೇ. ಪಿಂಗಳನ ಛಂದಃಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ಎಣಿಕೆಗಳನ್ನು ಮೇರುವಿನ ಆಕಾರದಲ್ಲಿ ಮೇಲಿನಿಂದ ಕೆಳಕ್ಕೆ ಜೋಡಿಸುವ ಕ್ರಮವನ್ನು ವಿವರಿಸಿದ್ದಾನೆ. ಅದೇ ಮೇರುಪ್ರಸ್ತಾರ. ಪ್ಯಾಸ್ಕಲ್ ತ್ರಿಕೋನ ಎಂಬ ಹೆಸರಿನಲ್ಲಿ ನೀವು ನೋಡುವುದೂ ಅದೇ ಸಂಖ್ಯೆಗಳನ್ನು. ಅದರ ಐದರ ಸಾಲು 1, 5, 10, 10, 5, 1. ಯಾವ ಸಾಲನ್ನೇ ನೋಡಿ, ಎರಡನೆಯ ಸಂಖ್ಯೆ ಆ ಸಾಲಿನ n ಆಗಿರುತ್ತದೆ. ನಮ್ಮ ಸೂತ್ರಕ್ಕೆ ಬೇಕಾದದ್ದು ಆ ಒಂದು ಸಂಖ್ಯೆ ಮಾತ್ರ.

ಮತ್ತೆ ದಾರಿಗೆ ಬರೋಣ. ಎರಡು ಆವರಣಗಳಿಂದ h ಆರಿಸಿದರೆ xⁿ⁻²h², ಅದು n(n−1)/2 ಸಲ ಬರುತ್ತದೆ. ಮೂರರಿಂದ ಆರಿಸಿದರೆ xⁿ⁻³h³, ಹೀಗೆ ಕೊನೆಗೆ ಎಲ್ಲದರಿಂದಲೂ h ಆರಿಸಿ hⁿ. ದ್ವಿಪದ ಪ್ರಮೇಯ ಹೇಳುವುದು ಇದನ್ನೇ. C(n, k) ಎಂದರೆ n ಆವರಣಗಳಲ್ಲಿ k ಆವರಣಗಳನ್ನು ಆರಿಸುವ ದಾರಿಗಳ ಸಂಖ್ಯೆ ಎಂದು ಬರೆದುಕೊಂಡರೆ:

```
(x+h)ⁿ = xⁿ + n xⁿ⁻¹ h + C(n,2) xⁿ⁻² h² + C(n,3) xⁿ⁻³ h³ + ... + hⁿ
```

ಈಗ ವ್ಯಾಖ್ಯೆಯ ಒಳಗೆ ಇಡಿ. ಅಂಶದಲ್ಲಿರುವುದು (x + h)ⁿ − xⁿ. ವಿಸ್ತರಣೆಯ ಮೊದಲ ಪದ xⁿ, ಕಳೆಯಬೇಕಾದದ್ದೂ xⁿ, ಎರಡೂ ಹೊಡೆದುಹೋದವು. ಇದು ಸಣ್ಣ ಹೆಜ್ಜೆಯಂತೆ ಕಂಡರೂ ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ. ಏಕೆಂದರೆ h ಇಲ್ಲದ ಪದ ಅದೊಂದೇ. ಅದು ಹೋದ ಮೇಲೆ ಉಳಿದ ಪ್ರತಿ ಪದದಲ್ಲೂ ಕನಿಷ್ಠ ಒಂದು h ಇದೆ, ಹಾಗಾಗಿ ಛೇದದ h ಎಲ್ಲವನ್ನೂ ಸಲೀಸಾಗಿ ಭಾಗಿಸುತ್ತದೆ.

```
[ (x+h)ⁿ − xⁿ ] / h = n xⁿ⁻¹ + C(n,2) xⁿ⁻² h + C(n,3) xⁿ⁻³ h² + ... + hⁿ⁻¹
```

n = 2 ರಿಂದ ಮೇಲಕ್ಕೆ, ಬಲಗಡೆಯ ಮೊದಲ ಪದದಲ್ಲಿ h ಇಲ್ಲ, ಉಳಿದವುಗಳಲ್ಲೆಲ್ಲ ಇದೆ. h → 0 ಆದಾಗ ಮೊದಲ ಪದ ಇದ್ದಲ್ಲೇ ಇರುತ್ತದೆ, ಉಳಿದ n − 1 ಪದಗಳಲ್ಲಿ ಒಂದೊಂದೂ ಸೊನ್ನೆಗೆ ಹೋಗುತ್ತದೆ. ಲಿಮಿಟ್ nxⁿ⁻¹. ಸಾಧನೆ ಮುಗಿಯಿತು.

ಇದನ್ನು ಪಾಠ ಮಾಡುವಾಗ ಕೇಳುಗರಿಂದ ಒಂದು ಪ್ರಶ್ನೆ ಬಂದದ್ದು ಇಲ್ಲೇ. "h ಸೊನ್ನೆ ಅಲ್ಲ ಅಂತ ಹೇಳಿ ಭಾಗಿಸಿದಿರಿ, ಕೊನೆಗೆ ಸೊನ್ನೆಯನ್ನೇ ಹಾಕಿದಿರಿ. ಎರಡೂ ಒಟ್ಟಿಗೆ ಹೇಗೆ ಸರಿ ಸರ್?" ಬಹಳ ಒಳ್ಳೆಯ ಪ್ರಶ್ನೆ, ಇದನ್ನು ಹಾರಿಸಿಕೊಂಡು ಹೋಗುವಂತಿಲ್ಲ. h ಸೊನ್ನೆಯಾದಾಗ ಎಡಗಡೆಯ ಭಾಗಲಬ್ಧದ ಬೆಲೆ ಎಷ್ಟು ಎಂದು ನಾವು ಕೇಳುತ್ತಲೇ ಇಲ್ಲ. ಕೇಳಿದರೆ 0/0 ಬರುತ್ತದೆ, ಅದಕ್ಕೆ ಅರ್ಥವಿಲ್ಲ. ಲಿಮಿಟ್ ಕೇಳುವುದು, ಸೊನ್ನೆಯಲ್ಲದ h ಸೊನ್ನೆಯನ್ನು ಸಮೀಪಿಸುವಾಗ ಭಾಗಲಬ್ಧ ಯಾವ ಸಂಖ್ಯೆಯನ್ನು ಸಮೀಪಿಸುತ್ತದೆ ಎಂದು. ಸೊನ್ನೆಯಲ್ಲದ ಪ್ರತಿ h ಗೂ ಎಡಗಡೆಯದು ಮತ್ತು ಬಲಗಡೆಯದು ಒಂದೇ ಸಂಖ್ಯೆ. ಆದ್ದರಿಂದ ಅವೆರಡೂ ಸಮೀಪಿಸುವ ಸಂಖ್ಯೆಯೂ ಒಂದೇ ಆಗಬೇಕು. ಬಲಗಡೆಯದು h ನ ಬಹುಪದೋಕ್ತಿ. h ಸೊನ್ನೆಯತ್ತ ಹೋದಂತೆ ಬಹುಪದೋಕ್ತಿ ಯಾವ ಜಿಗಿತವೂ ಇಲ್ಲದೆ ತನ್ನ ಸೊನ್ನೆಯಲ್ಲಿನ ಬೆಲೆಯತ್ತಲೇ ಹೋಗುತ್ತದೆ. ಹಾಗಾಗಿ ಬಲಗಡೆ h = 0 ಇಟ್ಟು ಓದಿಕೊಳ್ಳುವುದು ಲಿಮಿಟ್ ಕಂಡುಹಿಡಿಯುವ ನ್ಯಾಯವಾದ ದಾರಿ. ಭಾಗಿಸುವಾಗ h ಸೊನ್ನೆಯಾಗಿರಲಿಲ್ಲ, ಸೊನ್ನೆ ಇಟ್ಟದ್ದು ಭಾಗಾಕಾರವೇ ಇಲ್ಲದ ಜಾಗದಲ್ಲಿ.

ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ನೋಡೋಣ. f(x) = x⁵. ಮೇರುವಿನ ಐದರ ಸಾಲು ನಮ್ಮ ಹತ್ತಿರ ಇದೆ.

```
(x+h)⁵ = x⁵ + 5x⁴h + 10x³h² + 10x²h³ + 5xh⁴ + h⁵

(x+h)⁵ − x⁵ = 5x⁴h + 10x³h² + 10x²h³ + 5xh⁴ + h⁵

[(x+h)⁵ − x⁵]/h = 5x⁴ + 10x³h + 10x²h² + 5xh³ + h⁴

lim (h→0) [(x+h)⁵ − x⁵]/h = 5x⁴
```

ಬರೆಯುತ್ತಿರುವಾಗಲೇ ಎರಡು ಪರೀಕ್ಷೆ ಮಾಡಿಕೊಳ್ಳಬಹುದು. ಮೊದಲ ಸಾಲಿನಲ್ಲಿ ಯಾವ ಪದ ನೋಡಿದರೂ x ಮತ್ತು h ಗಳ ಘಾತಾಂಕ ಕೂಡಿದರೆ 5 ಬರಬೇಕು. ಒಟ್ಟು ಐದು ಆವರಣಗಳಿಂದ ಒಂದೊಂದನ್ನು ತೆಗೆದದ್ದು ತಾನೇ? ಭಾಗಿಸಿದ ಮೇಲೆ ಪ್ರತಿ ಪದದಲ್ಲೂ ಆ ಮೊತ್ತ 4 ಆಗಬೇಕು. ಎಲ್ಲೋ ಒಂದು ಪದದಲ್ಲಿ ಮಾತ್ರ 5 ಉಳಿದಿದ್ದರೆ ಅಲ್ಲಿ h ಹೊಡೆಯಲು ಮರೆತಿದ್ದೀರಿ. ಎರಡನೆಯದು ಸಹಗುಣಕಗಳ ಪರೀಕ್ಷೆ: 1 + 5 + 10 + 10 + 5 + 1 = 32, ಎಂದರೆ 2⁵. x ಮತ್ತು h ಎರಡಕ್ಕೂ 1 ಹಾಕಿದರೆ ಎಡಗಡೆ ಬರುವುದು ಅದೇ.

ಸಂಖ್ಯೆಯಲ್ಲೂ ನೋಡಿಬಿಡೋಣ. x = 2 ಆದರೆ ಮೂರನೆಯ ಸಾಲು 80 + 80h + 40h² + 10h³ + h⁴. h = 0.1 ಇಟ್ಟರೆ 80 + 8 + 0.4 + 0.01 + 0.0001 = 88.4101. ನೇರವಾಗಿ ಲೆಕ್ಕ ಹಾಕಿದರೂ 2.1⁵ = 40.84101, ಅದರಿಂದ 32 ಕಳೆದು 0.1 ರಿಂದ ಭಾಗಿಸಿದರೆ 88.4101. h = 0.01 ಆದಾಗ 80.80401001. 80 ಕ್ಕಿಂತ ಹೆಚ್ಚಾಗಿರುವ ಭಾಗ ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಇಳಿಯಿತು. ಆ ಹೆಚ್ಚುವರಿಯಲ್ಲಿ ದೊಡ್ಡ ಪಾಲು 80h ನದು, ಅದಕ್ಕೇ ಅದು h ಇಳಿದ ಪ್ರಮಾಣದಲ್ಲೇ ಇಳಿಯುತ್ತದೆ.

ಈಗ ನಾನು ಮುಖ್ಯವೆಂದು ಎಣಿಸುವ ಒಂದು ಉದಾಹರಣೆ. n = 100, x = 1 ತೆಗೆದುಕೊಳ್ಳಿ. ಸೂತ್ರದ ಪ್ರಕಾರ ಡೆರಿವೇಟಿವ್ 100. h = 0.01 ಇಟ್ಟು ಭಾಗಲಬ್ಧ ನೋಡೋಣ. 1.01¹⁰⁰ ಸುಮಾರು 2.7048. ಒಂದನ್ನು ಕಳೆದು 0.01 ರಿಂದ ಭಾಗಿಸಿದರೆ ಸುಮಾರು 170.48. ನೂರು ಎಲ್ಲಿ, ನೂರ ಎಪ್ಪತ್ತು ಎಲ್ಲಿ! ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸುವವರು ಇಲ್ಲಿಗೆ ಬಂದಾಗ ಸೂತ್ರದ ಮೇಲೆಯೇ ಅನುಮಾನ ಪಡುತ್ತಾರೆ. ವಿಸ್ತರಣೆ ನೋಡಿದರೆ ಕಾರಣ ಕಣ್ಣೆದುರೇ ಇದೆ. h ನಿಂದ ಭಾಗಿಸಿದ ಮೇಲೆ ಎರಡನೆಯ ಪದದ ಸಹಗುಣಕ C(100, 2) = 4950. ಅದನ್ನು 0.01 ರಿಂದ ಗುಣಿಸಿದರೆ 49.5. ಮೂರನೆಯದರ ಸಹಗುಣಕ 161700, ಅದನ್ನು 0.0001 ರಿಂದ ಗುಣಿಸಿದರೆ 16.17. "ಸೊನ್ನೆಗೆ ಹೋಗುತ್ತವೆ" ಎಂದ ಪದಗಳು ಇನ್ನೂ ಹೋಗಿಲ್ಲ, ಏಕೆಂದರೆ ಅವುಗಳ ಸಹಗುಣಕಗಳು ದೊಡ್ಡವು, h ಅದಕ್ಕೆ ತಕ್ಕಷ್ಟು ಚಿಕ್ಕದಾಗಿಲ್ಲ. h = 0.0001 ಮಾಡಿ. 4950h ಈಗ 0.495, ಮುಂದಿನ ಪದ 0.0016 ರ ಆಸುಪಾಸು, ಭಾಗಲಬ್ಧ ಸುಮಾರು 100.4966. ಇನ್ನೂ ಚಿಕ್ಕದು ಮಾಡಿದರೆ ನೂರಕ್ಕೆ ಇನ್ನೂ ಹತ್ತಿರ.

ಇದರಿಂದ ಗೊತ್ತಾಗುವುದು ಒಂದು ಕ್ರಮ. ಮೊದಲು n ನಿಗದಿಯಾಗಬೇಕು, x ನಿಗದಿಯಾಗಬೇಕು, ಆಮೇಲೆ h ಚಿಕ್ಕದಾಗಬೇಕು. n ನಿಗದಿಯಾದ ಮೇಲೆ ಸಹಗುಣಕಗಳು ಎಷ್ಟೇ ದೊಡ್ಡವಿದ್ದರೂ ಅವು ಬದಲಾಗದ ಸಂಖ್ಯೆಗಳು, h ಗೆ ಅವುಗಳನ್ನು ಮಣಿಸುವಷ್ಟು ಚಿಕ್ಕದಾಗಲು ಅವಕಾಶವಿದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಪದಗಳ ಸಂಖ್ಯೆಯೂ ನಿಗದಿಯಾಗಿದೆ. ಸೊನ್ನೆಗೆ ಹೋಗಬೇಕಾದ ಪದಗಳು n − 1 ಮಾತ್ರ, h ಚಿಕ್ಕದಾದಂತೆ ಅವು ಹೆಚ್ಚುವುದಿಲ್ಲ. ಲೆಕ್ಕವಿಟ್ಟಷ್ಟೇ ಪದಗಳಲ್ಲಿ ಪ್ರತಿಯೊಂದೂ ಸೊನ್ನೆಗೆ ಹೋದರೆ ಮೊತ್ತವೂ ಸೊನ್ನೆಗೆ ಹೋಗುತ್ತದೆ. ಪದಗಳ ಸಂಖ್ಯೆಯೂ ಬೆಳೆಯುತ್ತಿದ್ದರೆ ಹಾಗೆ ಹೇಳುವಂತಿಲ್ಲ: 1/m ಅನ್ನು m ಸಲ ಕೂಡಿ ನೋಡಿ, m ಬೆಳೆದಂತೆ ಒಂದೊಂದು ಪದವೂ ಸೊನ್ನೆಗೆ ಹೋಗುತ್ತದೆ, ಮೊತ್ತ ಮಾತ್ರ ಯಾವಾಗಲೂ 1.

ಉತ್ತರ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳಲ್ಲಿ ಮೊದಲನೆಯದು (x + h)ⁿ ಅನ್ನು xⁿ + hⁿ ಎಂದು ಬರೆಯುವುದು. ಹಾಗೆ ಬರೆದರೆ ಏನಾಗುತ್ತದೆ ನೋಡಿ. xⁿ ಕಳೆದರೆ hⁿ ಉಳಿಯುತ್ತದೆ, h ನಿಂದ ಭಾಗಿಸಿದರೆ hⁿ⁻¹, ಅದರ ಲಿಮಿಟ್ ಸೊನ್ನೆ. ನಿಮ್ಮ ಲೆಕ್ಕದಲ್ಲಿ x² ನ ಡೆರಿವೇಟಿವ್ ಸೊನ್ನೆ ಎಂದು ಬಂದರೆ ಈ ತಪ್ಪಾಗಿದೆ ಎಂದು ತಿಳಿಯಿರಿ. ಎಲ್ಲ ಆವರಣದಿಂದ x, ಎಲ್ಲ ಆವರಣದಿಂದ h, ಈ ಎರಡು ಆಯ್ಕೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ನಡುವಿನವನ್ನು ಬಿಟ್ಟಿದ್ದೀರಿ, ನಮಗೆ ಬೇಕಾದ ಪದ ಇದ್ದದ್ದೇ ನಡುವೆ.

ಎರಡನೆಯದು, ಭಾಗಿಸುವಾಗ ಮೊದಲ ಪದದ h ಮಾತ್ರ ಹೊಡೆದು ಉಳಿದವನ್ನು ಹಾಗೇ ಬಿಡುವುದು. 3x² + 3xh² + h³ ಎಂದು ಬರೆದರೂ h ಸೊನ್ನೆಗೆ ಹೋದಾಗ 3x² ಸಿಕ್ಕಿಬಿಡುತ್ತದೆ. ಉತ್ತರ ಸರಿ ಬಂದದ್ದರಿಂದಲೇ ಈ ತಪ್ಪು ಕಣ್ಣು ತಪ್ಪಿಸುತ್ತದೆ. ಘಾತಾಂಕಗಳ ಮೊತ್ತದ ಪರೀಕ್ಷೆ ಇದನ್ನು ಕೂಡಲೇ ಹಿಡಿಯುತ್ತದೆ: 3x² ನಲ್ಲಿ 2, 3xh² ನಲ್ಲಿ 3. ತಪ್ಪಿಸಿಕೊಳ್ಳಲು ಸುಲಭವಾದ ಅಭ್ಯಾಸವೆಂದರೆ ಅಂಶದಿಂದ h ಅನ್ನು ಸಾಮಾನ್ಯವಾಗಿ ಹೊರತೆಗೆದು h(3x² + 3xh + h²) ಎಂದು ಒಂದು ಸಾಲು ಹೆಚ್ಚಿಗೆ ಬರೆಯುವುದು, ಆಮೇಲೆ ಹೊಡೆಯುವುದು.

ಮೂರನೆಯದು ಬರವಣಿಗೆಯದು. f'(x) = ಎಂದು ಶುರುಮಾಡಿದರೆ ಪ್ರತಿ ಸಾಲಿನಲ್ಲಿ h ಇರುವವರೆಗೂ lim ಎಂಬ ಗುರುತು ಇರಬೇಕು, h ಅನ್ನು ತೆಗೆದ ಸಾಲಿನಲ್ಲಿ ಅದೂ ಹೋಗಬೇಕು. 3x² + 3xh + h² = 3x² ಎಂದು lim ಇಲ್ಲದೆ ಬರೆದರೆ ಅದು ಸುಳ್ಳು ಸಮೀಕರಣ, ಸೊನ್ನೆಯಲ್ಲದ h ಗೆ ಎರಡು ಕಡೆಯೂ ಸಾಮಾನ್ಯವಾಗಿ ಸಮವಲ್ಲ.

n = 1 ಆದಾಗ ಸಾಧನೆ ಹೇಗಿರುತ್ತದೆ ಎಂದೂ ಕೇಳಬೇಕು. (x + h − x)/h = 1. ಸೊನ್ನೆಗೆ ಹೋಗಬೇಕಾದ ಪದ ಒಂದೂ ಇಲ್ಲ, ಲಿಮಿಟ್ 1. ಸೂತ್ರ 1·x⁰ ಎನ್ನುತ್ತದೆ, x⁰ ಅನ್ನು 1 ಎಂದು ಓದಿಕೊಂಡರೆ ಸರಿಹೋಗುತ್ತದೆ. x = 0 ಆದಾಗಲೂ ಇಲ್ಲಿ ಅದನ್ನು 1 ಎಂದೇ ಇಟ್ಟುಕೊಳ್ಳುತ್ತೇವೆ.

ಈಗ ಮೊದಲು ಬಾಕಿ ಇಟ್ಟ ಮಾತು. n = 1/2 ಆದರೆ ಈ ಸಾಧನೆ ಎಲ್ಲಿ ಮುರಿಯುತ್ತದೆ? ಮೊದಲ ಸಾಲಿನಲ್ಲೇ. ಆವರಣವನ್ನು n ಸಲ ಬರೆದು ಎಣಿಸಿದೆವು, ಅರ್ಧ ಸಲ ಬರೆಯುವುದು ಎಂದರೇನು? ಅಂಥ ಘಾತಕ್ಕೂ ಒಂದು ದ್ವಿಪದ ವಿಸ್ತರಣೆ ಇದೆ. ಆದರೆ ಅದರ ಪದಗಳು ಮುಗಿಯುವುದೇ ಇಲ್ಲ, "ಪ್ರತಿ ಪದ ಸೊನ್ನೆಗೆ ಹೋದರೆ ಮೊತ್ತವೂ ಹೋಗುತ್ತದೆ" ಎಂಬ ನಮ್ಮ ವಾದ ಅಲ್ಲಿಗೆ ಸಾಲದು. 2ˣ ನ ವಿಷಯ ಇನ್ನೂ ಬೇರೆ. ಅಲ್ಲಿ ಚರ ಇರುವುದು ಘಾತಾಂಕದಲ್ಲಿ, ಆಧಾರದಲ್ಲಿ ಅಲ್ಲ. ಅದರ ಡೆರಿವೇಟಿವ್ x·2ˣ⁻¹ ಎಂದು ಬರೆದರೆ ತಪ್ಪು.

√x ಗೆ ಬೇರೆ ಉಪಾಯ ಬೇಕು. x ಧನವಾಗಿರಲಿ. √(x+h) − √x ಅನ್ನು √(x+h) + √x ನಿಂದ ಗುಣಿಸಿ ಭಾಗಿಸಿದರೆ ಅಂಶದಲ್ಲಿ (x + h) − x, ಎಂದರೆ h ಮಾತ್ರ ಉಳಿಯುತ್ತದೆ. ಛೇದದ h ಜೊತೆ ಅದು ಹೊಡೆದುಹೋಗುತ್ತದೆ, ಉಳಿಯುವುದು 1/(√(x+h) + √x), ಲಿಮಿಟ್ 1/(2√x). 1/x ಗೆ ಭಿನ್ನರಾಶಿ ಕಳೆದರೆ ಸಾಕು, x ಸೊನ್ನೆಯಾಗಿರಬಾರದು:

```
1/(x+h) − 1/x = −h / [ x(x+h) ]
```

h ನಿಂದ ಭಾಗಿಸಿ ಲಿಮಿಟ್ ತೆಗೆದುಕೊಂಡರೆ −1/x². n = 1/2, n = −1 ಎಂದು ಸೂತ್ರದಲ್ಲಿ ಇಟ್ಟು ನೋಡಿ, ಎರಡೂ ಹೊಂದುತ್ತವೆ. ಎರಡರಲ್ಲೂ ಮೊದಲು ಅಂಶದಿಂದ ಒಂದು h ಹೊರಗೆ ಬಂತು, ಆಮೇಲೆ ಛೇದದ h ಹೋಯಿತು, ಕೊನೆಗೆ h ಸೊನ್ನೆಗೆ ಹೋಯಿತು. ಆ h ಅನ್ನು ಹೊರಗೆ ತಂದ ಉಪಾಯ ಮಾತ್ರ ಒಂದೊಂದಕ್ಕೂ ಬೇರೆ ಬೇರೆ, ಪೂರ್ಣಾಂಕ ಘಾತಗಳಿಗೆ ಆ ಕೆಲಸ ಮಾಡಿದ್ದು ಆವರಣಗಳ ಎಣಿಕೆ.